ನಾಲ್ಕು ಕ್ಲೈಂಟ್, ಒಂದೇ ಜೋಡಿ ಕೈ: ಯಾವ ಲೆಕ್ಕ ಇಟ್ಟರೆ ರಾತ್ರಿ ನಿದ್ದೆ ಮಾಡಬಹುದು?

ಒಂದು ಬುಧವಾರ ರಾತ್ರಿ ಎರಡೂವರೆಗೆ ಒಬ್ಬ ಕ್ಲೈಂಟ್‌ಗೆ ಇನ್ನೊಬ್ಬ ಕ್ಲೈಂಟ್‌ನ ಫೈಲ್ ಕಳಿಸಿಬಿಟ್ಟೆ. ಫೈಲಿನ ಹೆಸರು ಸರಿ ಇತ್ತು, ತೆರೆದರೆ ಒಳಗೆ ಬೇರೆಯವರ ಲೋಗೋ. ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಒಂದೇ ಸಾಲಿನ ಮೇಲ್ ಬಂದಿತ್ತು: "ಇದು ನಮ್ಮದಲ್ಲ ಅನ್ಸುತ್ತೆ."

ಆ ವಾರ ನಾನೇನೂ ಕೈಕಟ್ಟಿ ಕೂತಿರಲಿಲ್ಲ. ಕ್ಯಾಲೆಂಡರ್ ಇತ್ತು, ಅದರಲ್ಲಿ ಎಲ್ಲ ಡೆಡ್‌ಲೈನ್‌ಗೂ ಬೇರೆ ಬೇರೆ ಬಣ್ಣ ಹಾಕಿದ್ದೆ. ಮೂರು ಕೆಲಸ, ಮೂರು ಬೇರೆ ದಿನ, ನಡುವೆ ಒಂದೆರಡು ದಿನದ ಗ್ಯಾಪ್ ಕೂಡ ಇತ್ತು. ಆದರೂ ಮೂರೂ ಸೇರಿ ಒಂದೇ ರಾತ್ರಿ ತಲೆ ಮೇಲೆ ಬಂದು ಕೂತವು. ಅದಾದ ಮೇಲೆ ಕೆಲಸ ಹಂಚಿಕೊಳ್ಳುವ ನಾಲ್ಕು ದಾರಿ ಹಿಡಿದು ನೋಡಿದ್ದೇನೆ, ಒಂದೊಂದನ್ನೂ ಕೆಲವು ತಿಂಗಳು. ಒಬ್ಬರೇ ಕೂತು ನಾಲ್ಕೈದು ಕ್ಲೈಂಟ್‌ಗಳ ಕೆಲಸ ಮಾಡುವವರಿಗೆ ಯಾವುದು ಹೊಂದುತ್ತದೆ, ಯಾವುದು ಎಲ್ಲಿ ಕೈಕೊಡುತ್ತದೆ ಅಂತ ಇಲ್ಲಿ ಬರೆದಿದ್ದೇನೆ. ಸುಮ್ನೆ ಗುಣ-ದೋಷದ ಪಟ್ಟಿ ಕೊಡುವ ಬದಲು, ಒಂದೇ ಉದಾಹರಣೆಯನ್ನು ನಾಲ್ಕೂ ದಾರಿಯಲ್ಲಿ ಓಡಿಸಿ ನೋಡೋಣ.

## ಮೊದಲು ಒಂದು ಸಂಖ್ಯೆ ಬೇಕು

ಯಾವ ದಾರಿ ಹಿಡಿದರೂ ಇದು ಗೊತ್ತಿರಬೇಕು: ವಾರಕ್ಕೆ ನಿಮ್ಮ ಕೈಗೆ ನಿಜವಾಗಿ ಎಷ್ಟು ಗಂಟೆ ಸಿಗುತ್ತದೆ?

40 ಅಂತ ಹೇಳಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ. ಮೂರು ವಾರ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಅರ್ಧ ಗಂಟೆ ಏನು ಮಾಡಿದೆ ಅಂತ ಬರೆದಿಟ್ಟು ಕೂಡಿಸಿ ನೋಡಿದರೆ, ಮೇಲ್, ಫೋನ್, ಮೀಟಿಂಗ್, ಬಿಲ್ ಕಳಿಸುವುದು, ಬಾಕಿ ಹಣ ಕೇಳುವುದು, ಹೊಸ ಕೆಲಸಕ್ಕೆ ಕೊಟೇಶನ್ ಬರೆಯುವುದು, "ಒಂದೇ ಒಂದು ಸಣ್ಣ ಚೇಂಜ್" ಮಾಡುವುದು, ಇಷ್ಟಕ್ಕೇ 14 ಗಂಟೆ ಹೋಗುತ್ತಿತ್ತು. ಉಳಿದದ್ದು 26. ಅದರಲ್ಲಿ ಒಬ್ಬರದು ತಿಂಗಳ ಒಪ್ಪಂದ, ಅಂದರೆ ರಿಟೇನರ್, ವಾರಕ್ಕೆ 6 ಗಂಟೆ ಅವರಿಗೇ ಮೀಸಲು. ಕೊನೆಗೆ ಹೊಸ ಕೆಲಸಕ್ಕೆ ಸಿಗುವುದು 20 ಗಂಟೆ. ದಿನಕ್ಕೆ 4.

ಈ ನಾಲ್ಕು ಅನ್ನುವ ಅಂಕಿ ನೋಡಿ ಮೊದಲು ಅವಮಾನವೇ ಆಯಿತು ಅನ್ನಿ. ದಿನವಿಡೀ ಕೂತು ನಾಲ್ಕೇ ಗಂಟೆ ಕೆಲಸವಾ? ಆದರೆ ಅದನ್ನು ಎಂಟು ಅಂದುಕೊಂಡು ಮಾತು ಕೊಟ್ಟಾಗಲೇ ರಾತ್ರಿಗಳು ಕೆಡುವುದು. ನಿಮ್ಮದು ಮೂರಿರಬಹುದು, ಐದೂವರೆ ಇರಬಹುದು. ಅಳೆದು ನೋಡಿ, ಊಹಿಸಬೇಡಿ.

ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅನ್ನುವುದರಲ್ಲೂ ಇದೇ ಕಥೆ. ಬ್ಯೂಲರ್, ಗ್ರಿಫಿನ್, ರಾಸ್ ಅನ್ನುವ ಮನಶ್ಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಪದವಿಯ ಕೊನೆಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು "ಎಷ್ಟು ದಿನದಲ್ಲಿ ಮುಗಿಸುತ್ತೀರಿ" ಅಂತ ಕೇಳಿದ್ದರು. ಸರಾಸರಿ ಉತ್ತರ ಸುಮಾರು 34 ದಿನ. ನಿಜಕ್ಕೂ ಆದದ್ದು ಸುಮಾರು 55. ನನ್ನ ಹಳೇ ಕೆಲಸಗಳನ್ನು ತೆಗೆದು ಅಂದಾಜಿನ ಪಕ್ಕ ಆದ ಗಂಟೆ ಬರೆದಾಗ ನನ್ನದು 1.4 ಪಟ್ಟು ಬಂತು. ಈಗ ಮನಸ್ಸಿಗೆ ಹತ್ತು ಗಂಟೆ ಅನ್ನಿಸಿದರೆ ಹಾಳೆಯಲ್ಲಿ ಹದಿನಾಲ್ಕು ಬರೆಯುತ್ತೇನೆ. ಕೆಳಗಿನ ಉದಾಹರಣೆಯ ಗಂಟೆಗಳೆಲ್ಲ ಹೀಗೆ ಹಿಗ್ಗಿಸಿದ ಮೇಲಿನವು.

## ಉದಾಹರಣೆ

ಇಂದು ಸೋಮವಾರ ಬೆಳಿಗ್ಗೆ. ಕೈಯಲ್ಲಿ ಮೂರು ಕೆಲಸ ಇದೆ.

ಒಂದು ವರದಿಯ ಪುಟವಿನ್ಯಾಸ, 12 ಗಂಟೆ, ಮುಂದಿನ ಬುಧವಾರ ಕೊಡಬೇಕು. ಒಂದು ವೆಬ್‌ಸೈಟ್, 22 ಗಂಟೆ, ಮುಂದಿನ ಶುಕ್ರವಾರ. ಒಂದು ಆ್ಯಪ್‌ನ ಸ್ಕ್ರೀನ್‌ಗಳು, 16 ಗಂಟೆ, ಅದರ ಆಚೆ ವಾರದ ಮಂಗಳವಾರ. ಒಟ್ಟು 50 ಗಂಟೆ. ಇವತ್ತಿಂದ ಆ ಮಂಗಳವಾರದವರೆಗೆ 12 ಕೆಲಸದ ದಿನ, ಅಂದರೆ 48 ಗಂಟೆ. ಎರಡು ಗಂಟೆ ಕಡಿಮೆ. ಯಾವುದೋ ಒಂದು ಸಂಜೆ ಸ್ವಲ್ಪ ಜಾಸ್ತಿ ಕೂತರೆ ಆಯ್ತು, ಅಲ್ವಾ?

ಅಲ್ಲ. ಅದು ಯಾಕೆ ಅಂತ ಒಂದೊಂದು ದಾರಿಯೂ ಒಂದೊಂದು ಥರ ತೋರಿಸುತ್ತದೆ, ಅಥವಾ ಮುಚ್ಚಿಡುತ್ತದೆ.

## ದಾರಿ 1: ಬರೀ ಕ್ಯಾಲೆಂಡರ್

ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ. ಡೆಡ್‌ಲೈನ್ ಬಂದ ತಕ್ಷಣ ಆ ತಾರೀಕಿಗೆ ಒಂದು ಗುರುತು, ಹಿಂದಿನ ದಿನ ನೆನಪಿಸಲು ಒಂದು ಅಲಾರಂ.

ನಮ್ಮ ಉದಾಹರಣೆಯಲ್ಲಿ ಕ್ಯಾಲೆಂಡರ್ ಏನು ತೋರಿಸುತ್ತದೆ? ಈ ವಾರ ಪೂರ್ತಿ ಖಾಲಿ. ಮುಂದಿನ ವಾರ ಎರಡು ಗುರುತು, ಆಮೇಲೊಂದು. ನೋಡಲು ನೆಮ್ಮದಿಯಾಗಿದೆ, ಹಾಗಾಗಿ ಮೊದಲ ವಾರ ನಿಧಾನವಾಗಿ ಹೋಗುತ್ತದೆ. ಬುಧವಾರ ಯಾರೋ ಫೋನ್ ಮಾಡಿ "ಈ ವಾರ ಒಂದು ಸಣ್ಣ ಬ್ಯಾನರ್ ಮಾಡಿಕೊಡ್ತೀರಾ" ಅಂದರೆ, ಖಾಲಿ ಕಂಡಿದ್ದರಿಂದ ಹೂಂ ಅಂದುಬಿಡುತ್ತೇವೆ.

ತಾರೀಕು ಅನ್ನುವುದು ಒಂದು ಚುಕ್ಕಿ, ಕೆಲಸ ಅನ್ನುವುದು ಉದ್ದ. ಕ್ಯಾಲೆಂಡರ್ ಚುಕ್ಕಿ ಮಾತ್ರ ತೋರಿಸುತ್ತದೆ. ಶುಕ್ರವಾರದ ಚುಕ್ಕಿಯ ಹಿಂದೆ 22 ಗಂಟೆಯ ಬಾಲ ಇದೆ, ಅದು ಐದೂವರೆ ದಿನ ಹಿಂದಕ್ಕೆ ಚಾಚಿಕೊಂಡು ವರದಿಯ ಬಾಲದ ಮೇಲೆ ಬಿದ್ದಿದೆ ಅನ್ನುವುದು ಎಲ್ಲೂ ಕಾಣಿಸುವುದಿಲ್ಲ.

ಒಬ್ಬರೋ ಇಬ್ಬರೋ ಕ್ಲೈಂಟ್ ಇದ್ದು, ಒಂದೊಂದು ಕೆಲಸವೂ ಅರ್ಧ ದಿನ, ಒಂದು ದಿನದ್ದಾದರೆ ಕ್ಯಾಲೆಂಡರ್ ಧಾರಾಳ ಸಾಕು. ಬಾಲವೇ ಇಲ್ಲದಿದ್ದರೆ ಒಂದರ ಮೇಲೊಂದು ಬೀಳುವ ಪ್ರಶ್ನೆಯೂ ಇಲ್ಲ. ಎರಡು ದಿನ ಮೀರಿದ ಕೆಲಸ ಮೂರು ಸೇರಿದ ದಿನ ಇದನ್ನು ನಂಬುವುದು ಬಿಡಿ.

## ದಾರಿ 2: ಕ್ಲೈಂಟ್‌ಗೆ ಇಂತಿಂಥ ದಿನ

ಸೋಮ, ಮಂಗಳ ವೆಬ್‌ಸೈಟಿನವರಿಗೆ, ಬುಧವಾರ ವರದಿಯವರಿಗೆ, ಗುರುವಾರ ಆ್ಯಪ್‌ನವರಿಗೆ, ಶುಕ್ರವಾರ ಉಳಿದುಹೋದದ್ದಕ್ಕೆ. ಇದನ್ನು ನಾನು ಐದು ತಿಂಗಳು ಮಾಡಿದೆ, ತಲೆಗೆ ತುಂಬ ಹಗುರ ಅನ್ನಿಸಿತ್ತು. ಬೆಳಿಗ್ಗೆ ಎದ್ದು ಇವತ್ತು ಯಾರ ಕೆಲಸ ಅಂತ ಯೋಚನೆಯೇ ಇಲ್ಲ. ಕ್ಲೈಂಟ್‌ಗಳೂ ಬೇಗ ಕಲಿಯುತ್ತಾರೆ, ತಮ್ಮ ದಿನ ಬರುವವರೆಗೆ ಸುಮ್ಮನಿರುತ್ತಾರೆ.

ಈಗ ನಮ್ಮ ಉದಾಹರಣೆಯನ್ನು ಇದರೊಳಗೆ ಇಡಿ. ವರದಿಯ ಮೊದಲ ಕರಡು ಈ ಶುಕ್ರವಾರವೇ ಕ್ಲೈಂಟ್ ಕೈಗೆ ಹೋಗಬೇಕು, ಅವರು ನೋಡಿ ಹೇಳಲು ಎರಡು ದಿನ ಬೇಕಲ್ಲ. ಒಟ್ಟು 12ರಲ್ಲಿ ಕರಡಿಗೇ 9 ಗಂಟೆ ಬೇಕು, ಉಳಿದ 3 ಆಮೇಲಿನ ಕರೆಕ್ಷನ್‌ಗೆ. ಬುಧವಾರ ಒಂದೇ ದಿನ ಅವರದು, ಸಿಗುವುದು 4. ಶುಕ್ರವಾರದ ನಾಲ್ಕೂ ಅವರಿಗೇ ಕೊಟ್ಟರೂ ಎಂಟೇ. ಇದೇ ಥರ ವೆಬ್‌ಸೈಟಿನ 22ರಲ್ಲಿ ಕರಡಿಗೆ 16 ಗಂಟೆ ಬೇಕು, ಅದು ಹೋಗಬೇಕಾದ ಮುಂದಿನ ಸೋಮವಾರದೊಳಗೆ ಅವರಿಗೆ ಸಿಗುವುದು ಮೂರು ದಿನ, 12 ಗಂಟೆ. ಅತ್ತ ಆ್ಯಪ್‌ನವರ ಕೆಲಸಕ್ಕೆ ಇನ್ನೂ ಅವಸರವೇ ಇಲ್ಲ, ಆದರೂ ಈ ಗುರುವಾರ ಪೂರ್ತಿ ಅವರದು. ಅಂದರೆ ಎರಡು ಕಡೆ ತಡವಾಗುತ್ತಿರುವಾಗಲೇ ಮೂರನೆಯ ಕಡೆ ಗಂಟೆ ಸುರಿಯುತ್ತಿದ್ದೇವೆ.

ದಿನ ಹಂಚಿಕೆಯ ಮೂಲ ತೊಂದರೆ ಇದೇ. ಅದು ಪ್ರತಿ ವಾರವೂ ಒಂದೇ ಥರ ಅಂತ ಅಂದುಕೊಳ್ಳುತ್ತದೆ. ನಿಮ್ಮ ಕ್ಲೈಂಟ್‌ಗಳೆಲ್ಲ ತಿಂಗಳಿಗಿಷ್ಟು ಗಂಟೆ ಅಂತ ಕೊಂಡವರಾದರೆ, ಕೆಲಸ ನಲ್ಲಿ ನೀರಿನ ಹಾಗೆ ಸಮನಾಗಿ ಬರುತ್ತಿದ್ದರೆ, ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಡೆಡ್‌ಲೈನ್ ಇರುವ ಪ್ರಾಜೆಕ್ಟ್‌ಗಳಿಗೆ ಹೊಂದುವುದಿಲ್ಲ. ಇನ್ನೊಂದು ವಿಷಯ, ಒಂದು ಬುಧವಾರ ನೀವು ಜ್ವರ ಬಂದು ಮಲಗಿದರೆ ವರದಿಯವರಿಗೆ ಆ ವಾರವೇ ಹೋಯಿತು. ನನಗೆ ಒಮ್ಮೆ ಹಾಗಾಗಿ, "ನಮ್ಮ ದಿನ ಎಲ್ಲಿ" ಅಂತ ಅವರು ಕೇಳಿದಾಗ, ಹೀಗೆ ದಿನ ಬರೆದುಕೊಟ್ಟಿದ್ದೇ ತಪ್ಪು ಅನ್ನಿಸಿತು.

ಒಂದು ತುಣುಕು ಮಾತ್ರ ಇಂದಿಗೂ ಉಳಿಸಿಕೊಂಡಿದ್ದೇನೆ: ಫೋನ್ ಮತ್ತು ಮೀಟಿಂಗ್‌ಗಳಿಗೆ ಮಂಗಳವಾರ, ಗುರುವಾರ ಮಧ್ಯಾಹ್ನ ಮಾತ್ರ.

## ದಾರಿ 3: ಸಾಲು, ಒಮ್ಮೆಗೆ ಎರಡೇ

ಬೋರ್ಡ್ ಮೇಲೆ ಮೂರು ಕಾಲಂ: ಕಾಯುತ್ತಿರುವುದು, ಮಾಡುತ್ತಿರುವುದು, ಮುಗಿದದ್ದು. ನಡುವಿನ ಕಾಲಂನಲ್ಲಿ ಯಾವಾಗಲೂ ಎರಡಕ್ಕಿಂತ ಜಾಸ್ತಿ ಇರಬಾರದು. ಒಂದು ಮುಗಿದರೆ ಮಾತ್ರ ಮುಂದಿನದು ಒಳಗೆ ಬರಬೇಕು.

ಇದರ ಲಾಭ ಕಣ್ಣಿಗೆ ಕಾಣುವಂಥದ್ದು. ಎಂಟೆಂಟು ಗಂಟೆಯ ಮೂರು ಕೆಲಸ ಇದೆ ಅಂದುಕೊಳ್ಳಿ, ದಿನಕ್ಕೆ 4 ಗಂಟೆ. ಒಂದಾದ ಮೇಲೊಂದು ಮಾಡಿದರೆ ಎರಡನೇ, ನಾಲ್ಕನೇ, ಆರನೇ ದಿನ ಮುಗಿಯುತ್ತವೆ. ಎಲ್ಲರನ್ನೂ ಸಮಾಧಾನ ಮಾಡಲು ದಿನಕ್ಕೊಂದರಂತೆ ತಿರುಗಿಸಿದರೆ ನಾಲ್ಕು, ಐದು, ಆರನೇ ದಿನ. ಕೊನೆಯದು ಹೇಗಿದ್ದರೂ ಆರನೇ ದಿನವೇ, ಆದರೆ ಮೊದಲ ಇಬ್ಬರು ಸುಮ್ನೆ ಕಾದರು. ಇದರಲ್ಲಿ ಒಂದರಿಂದ ಇನ್ನೊಂದಕ್ಕೆ ಮನಸ್ಸು ತಿರುಗಿಸಲು ಹೋಗುವ ಹೊತ್ತನ್ನು ಸೇರಿಸಿಯೇ ಇಲ್ಲ.

ಸಾಲಿನಲ್ಲಿ ಯಾವುದು ಮೊದಲು? ಇದಕ್ಕೆ ಹಳೆಯ, ಗಟ್ಟಿ ಉತ್ತರ ಇದೆ. ಜೆ. ಆರ್. ಜಾಕ್ಸನ್ ಅನ್ನುವವರು 1955ರಲ್ಲೇ ತೋರಿಸಿಕೊಟ್ಟಿದ್ದಾರೆ: ಮಾಡುವ ಕೈ ಒಂದೇ ಇದ್ದು, ಎಲ್ಲ ಕೆಲಸವೂ ಶುರು ಮಾಡಲು ತಯಾರಿದ್ದರೆ, ಡೆಡ್‌ಲೈನ್ ಮೊದಲು ಬರುವುದನ್ನೇ ಮೊದಲು ಮಾಡಿ, ಆಗ ಅತಿ ಹೆಚ್ಚು ತಡವಾಗುವ ಕೆಲಸದ ತಡ ಎಷ್ಟು ಕಡಿಮೆ ಆಗಬಹುದೋ ಅಷ್ಟು ಕಡಿಮೆ ಆಗುತ್ತದೆ. ಜೋರಾಗಿ ಫೋನ್ ಮಾಡುವವರದ್ದು ಮೊದಲು ಅನ್ನುವ ನಮ್ಮ ಮಾಮೂಲಿ ನಿಯಮಕ್ಕೆ ಇಂಥ ಬೆಂಬಲ ಯಾವುದೂ ಇಲ್ಲ.

ಆದರೆ ಸಾಲಿಗೆ ಎರಡು ಕೊರತೆ. ಮೊದಲನೆಯದು, ಕ್ಲೈಂಟ್ ಕೇಳುವುದು "ಯಾವತ್ತು ಕೊಡ್ತೀರಾ" ಅಂತ, ಸಾಲಿನಲ್ಲಿ ಅದಕ್ಕೆ ಉತ್ತರ ಇಲ್ಲ. ನೀವು ಮೂರನೆಯವರು ಅಂತ ಮಾತ್ರ ಹೇಳಬಹುದು. ಎರಡನೆಯದು ಇನ್ನೂ ಸೂಕ್ಷ್ಮ. ಕರಡು ಕಳಿಸಿ ಕ್ಲೈಂಟ್ ಉತ್ತರಕ್ಕೆ ಕಾಯುತ್ತಿರುವ ಕೆಲಸ ಎರಡರ ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಬರುತ್ತದೆ ಅಂದರೆ ಎರಡೂ ಕ್ಲೈಂಟ್‌ಗಳು ಯೋಚಿಸುತ್ತಾ ಕೂತಾಗ ನೀವು ಕೈಕಟ್ಟಿ ಕೂರಬೇಕು. ಬರುವುದಿಲ್ಲ ಅಂದರೆ ಹೊಸದು ಹೊಸದು ಶುರು ಮಾಡುತ್ತಾ ಹೋಗುತ್ತೀರಿ, ಆಮೇಲೆ ಒಂದು ಸಂಜೆ ನಾಲ್ಕು ಕರೆಕ್ಷನ್ ಪಟ್ಟಿ ಒಟ್ಟಿಗೆ ವಾಪಸ್ ಬರುತ್ತವೆ. ಶುರುವಿನಲ್ಲಿ ಹೇಳಿದ ಆ ಬುಧವಾರ ಆದದ್ದು ಇದೇ. ಕೆಲಸ ಮಾಡಲು ತಡವಾಗಿರಲಿಲ್ಲ, ಎಲ್ಲರ ಉತ್ತರ ಒಂದೇ ಹೊತ್ತಿಗೆ ಬಂದಿತ್ತು.

ನಾನು ಕೊನೆಗೆ ಮಾಡಿಕೊಂಡ ರಾಜಿ: ಮಾಡುತ್ತಿರುವುದು ಎರಡು, ಕ್ಲೈಂಟ್ ಉತ್ತರಕ್ಕೆ ಕಾಯುತ್ತಿರುವುದೂ ಸೇರಿ ಒಟ್ಟು ನಾಲ್ಕು ಮೀರಬಾರದು. ಡೆಡ್‌ಲೈನ್ ಗಟ್ಟಿ ಇಲ್ಲದ ಕೆಲಸ ಮಾಡುವವರಿಗೆ, "ಆದಾಗ ಕೊಡಿ" ಅನ್ನುವ ಕ್ಲೈಂಟ್ ಇರುವ ಪುಣ್ಯವಂತರಿಗೆ, ಸಾಲೊಂದೇ ಸಾಕು.

## ದಾರಿ 4: ಕೂಡುತ್ತಾ ಹೋಗುವ ಹಾಳೆ

ನಾನು ಈಗ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಯೋಚನೆ ಸರಳ. ಪ್ರತಿಯೊಂದು ಡೆಡ್‌ಲೈನ್ ತಾರೀಕಿನ ಮುಂದೆಯೂ ಒಂದೇ ಪ್ರಶ್ನೆ ಕೇಳಬೇಕು: ಈ ತಾರೀಕಿನೊಳಗೆ ಮುಗಿಯಬೇಕಾದ ಎಲ್ಲ ಕ್ಲೈಂಟ್‌ಗಳ ಎಲ್ಲ ಗಂಟೆ ಕೂಡಿಸಿದರೆ, ಇವತ್ತಿಂದ ಅಲ್ಲಿಯವರೆಗೆ ಸಿಗುವ ಗಂಟೆಗಿಂತ ಕಡಿಮೆ ಇದೆಯಾ? ಬರೀ ಆ ಕೆಲಸದ ಗಂಟೆ ಅಲ್ಲ, ಅದಕ್ಕಿಂತ ಮುಂಚೆ ಕೊಡಬೇಕಾದವೂ ಸೇರಬೇಕು. ಒಂದು ತಾರೀಕಿನಲ್ಲಿ ಲೆಕ್ಕ ಕೂಡದಿದ್ದರೂ ಯಾರಿಗೋ ಒಬ್ಬರಿಗೆ ತಡ ಖಂಡಿತ, ಇಲ್ಲವೇ ನಿಮಗೆ ರಾತ್ರಿ ಖಂಡಿತ.

ಇದರಲ್ಲಿ ಮುಖ್ಯವಾದ ಹೆಜ್ಜೆ, ಹಾಳೆ ಬರೆಯುವ ಮುಂಚೆ ಪ್ರತಿ ಕೆಲಸವನ್ನೂ ಎರಡಾಗಿ ಒಡೆಯುವುದು: ಕರಡು ಮತ್ತು ಕರೆಕ್ಷನ್. ನಡುವೆ ಕ್ಲೈಂಟ್‌ಗೆ ನೋಡಲು ಎರಡು ದಿನ. ಕೊನೆಯ ತಾರೀಕಿಂದ ಹಿಂದಕ್ಕೆ ಎಣಿಸಿ ಬನ್ನಿ. ವೆಬ್‌ಸೈಟ್ ಶುಕ್ರವಾರ ಕೊಡಬೇಕು, ಗುರುವಾರ ಮತ್ತು ಶುಕ್ರವಾರ ಕರೆಕ್ಷನ್, ಅದಕ್ಕೆ 6 ಗಂಟೆ. ಮಂಗಳವಾರ, ಬುಧವಾರ ಅವರು ನೋಡುತ್ತಾರೆ. ಹಾಗಾದರೆ 16 ಗಂಟೆಯ ಕರಡು ಸೋಮವಾರ ಸಂಜೆಗೇ ಹೋಗಬೇಕು. ನಿಮ್ಮ ನಿಜವಾದ ಡೆಡ್‌ಲೈನ್ ಆ ಸೋಮವಾರ, ಕ್ಯಾಲೆಂಡರ್‌ನಲ್ಲಿರುವ ಶುಕ್ರವಾರ ಅಲ್ಲ.

ಮೂರನ್ನೂ ಹೀಗೆ ಒಡೆದು ತಾರೀಕಿನ ಪ್ರಕಾರ ಜೋಡಿಸಿದರೆ ಹೀಗೆ ಬರುತ್ತದೆ:

| ಯಾವತ್ತಿನೊಳಗೆ | ಏನು | ಗಂಟೆ | ಕೂಡಿದ್ದು | ಸಿಗುವುದು | ಉಳಿಕೆ |
|---|---|---|---|---|---|
| ಈ ಶುಕ್ರವಾರ | ವರದಿ ಕರಡು | 9 | 9 | 20 | 11 |
| 2ನೇ ವಾರ ಸೋಮ | ವೆಬ್‌ಸೈಟ್ ಕರಡು | 16 | 25 | 24 | −1 |
| 2ನೇ ವಾರ ಬುಧ | ವರದಿ ಕರೆಕ್ಷನ್ | 3 | 28 | 32 | 4 |
| 2ನೇ ವಾರ ಬುಧ | ಆ್ಯಪ್ ಕರಡು | 11 | 39 | 32 | −7 |
| 2ನೇ ವಾರ ಶುಕ್ರ | ವೆಬ್‌ಸೈಟ್ ಕರೆಕ್ಷನ್ | 6 | 45 | 40 | −5 |
| 3ನೇ ವಾರ ಮಂಗಳ | ಆ್ಯಪ್ ಕರೆಕ್ಷನ್ | 5 | 50 | 48 | −2 |

ಕೊನೆಯ ಸಾಲು ನೋಡಿ, ಮೊದಲು ನಾವು ಕಂಡಿದ್ದ ಅದೇ ಎರಡು ಗಂಟೆ. ಈಗ ನಾಲ್ಕನೇ ಸಾಲು ನೋಡಿ. ಬುಧವಾರಕ್ಕೆ ಏಳು ಗಂಟೆ ಕಡಿಮೆ, ಹತ್ತಿರ ಹತ್ತಿರ ಎರಡು ಪೂರ್ತಿ ದಿನದ ಕೆಲಸ. ಕೊನೆಯ ಮೊತ್ತ ಮಾತ್ರ ನೋಡುವವರಿಗೆ ಅದು ಯಾವತ್ತೂ ಸಿಗುವುದಿಲ್ಲ, ಬುಧವಾರ ರಾತ್ರಿಯೇ ಗೊತ್ತಾಗುವುದು. ಹಾಳೆ ಇಟ್ಟವರಿಗೆ ಒಂದೂವರೆ ವಾರ ಮುಂಚೆ, ಈ ಸೋಮವಾರ ಬೆಳಿಗ್ಗೆಯೇ ಗೊತ್ತಾಯಿತು.

ಗೊತ್ತಾದ ಮೇಲೆ ಏನು ಮಾಡುವುದು? ಮೊದಲು ಸಣ್ಣದನ್ನು ನೋಡೋಣ. ಸೋಮವಾರ ಒಂದು ಗಂಟೆ ಕಡಿಮೆ ಇರುವುದಕ್ಕೆ ವೆಬ್‌ಸೈಟಿನ ಕರಡನ್ನು ಎರಡು ಕಂತಿನಲ್ಲಿ ಕಳಿಸಬಹುದು, ಬಹುಪಾಲು ಪುಟಗಳು ಸೋಮವಾರ, ಕೊನೆಯ ಪುಟ ಮಂಗಳವಾರ ಬೆಳಿಗ್ಗೆ. ಅವರು ನೋಡಲು ಶುರು ಮಾಡುವುದೇ ಮೊದಲ ಪುಟದಿಂದ, ಹಾಗಾಗಿ ಯಾರಿಗೂ ತೊಂದರೆ ಇಲ್ಲ.

ಏಳು ಗಂಟೆಗೆ ಇಂಥ ಉಪಾಯ ನಡೆಯುವುದಿಲ್ಲ. ಆ್ಯಪ್‌ನವರಿಗೆ "ಎರಡರ ಬದಲು ಒಂದೇ ದಿನದಲ್ಲಿ ನೋಡಿ ಹೇಳಿ" ಅಂತ ಕೇಳಿದರೆ ಕರಡಿನ ದಿನ ಗುರುವಾರಕ್ಕೆ ಹೋಗುತ್ತದೆ, ಆಗ 39 ಬೇಕು, ಸಿಗುವುದು 36, ಇನ್ನೂ ಮೂರು ಕಡಿಮೆ. ಹಾಗಾಗಿ ತಾರೀಕೇ ಸರಿಯಬೇಕು. ಕರಡು 3ನೇ ವಾರ ಮಂಗಳವಾರಕ್ಕೆ, ಕೊನೆಯದು ಅದರ ಮುಂದಿನ ಸೋಮವಾರಕ್ಕೆ ಅಂತ ಬರೆದು ನೋಡಿ. ಶುಕ್ರವಾರದೊಳಗೆ 34, ಸಿಗುವುದು 40. ಮಂಗಳವಾರದೊಳಗೆ 45, ಸಿಗುವುದು 48. ಮೂರು ಗಂಟೆ ಕೈಯಲ್ಲಿ ಉಳಿಯುತ್ತದೆ. ನಾಲ್ಕು ಕೆಲಸದ ದಿನ ಮುಂದಕ್ಕೆ ಕೇಳಿದರೆ ಸಾಕು.

ಕೇಳುವುದು ಇವತ್ತೇ. ನಾನು ಬರೆಯುವ ಮೇಲ್ ಸುಮಾರು ಹೀಗಿರುತ್ತದೆ: "ಸ್ಕ್ರೀನ್‌ಗಳ ಮೊದಲ ಕರಡನ್ನು ಆಚೆ ವಾರ ಮಂಗಳವಾರ ಕಳಿಸುತ್ತೇನೆ. ಬುಧ, ಗುರು ನೀವು ನೋಡಿ ಹೇಳಿದರೆ ಅದರ ಮುಂದಿನ ಸೋಮವಾರ ಪೂರ್ತಿ ಮುಗಿದಿರುತ್ತದೆ. ಮೊದಲು ಹೇಳಿದ್ದಕ್ಕಿಂತ ನಾಲ್ಕು ಕೆಲಸದ ದಿನ ತಡ. ನಿಮಗೆ ಹಳೇ ತಾರೀಕಿಗೇ ಬೇಕಾದ ಸ್ಕ್ರೀನ್ ಯಾವುದಾದರೂ ಇದ್ದರೆ ಇಂದೇ ತಿಳಿಸಿ, ಅದನ್ನು ಮೊದಲು ಮಾಡುತ್ತೇನೆ." ಕಾರಣ ವಿವರಿಸಲು ಹೋಗುವುದಿಲ್ಲ. ಬೇರೆ ಕ್ಲೈಂಟ್ ಇದ್ದಾರೆ ಅನ್ನುವುದು ಅವರಿಗೆ ಬೇಡದ ಸುದ್ದಿ. ಒಂದೂವರೆ ವಾರ ಮುಂಚೆ ಕೇಳಿದಾಗ ನನಗೆ ಬಂದ ಉತ್ತರಗಳು ಹೆಚ್ಚಾಗಿ "ಪರವಾಗಿಲ್ಲ" ಅಂತಲೇ. ಹಿಂದಿನ ದಿನ ಕೇಳಿದಾಗ ಬಂದ ಉತ್ತರಗಳನ್ನು ಇಲ್ಲಿ ಬರೆಯುವುದು ಬೇಡ.

ಅವರು ಒಪ್ಪದಿದ್ದರೆ? ಆಗ ಕೆಲಸ ಕತ್ತರಿಸಬೇಕು. 11 ಗಂಟೆಯ ಕರಡಿನಲ್ಲಿ ಮುಖ್ಯವಾದ ಸ್ಕ್ರೀನ್‌ಗಳಷ್ಟೇ 4 ಗಂಟೆಯದ್ದಾದರೆ, ಅವನ್ನು ಬುಧವಾರ ಕೊಡಬಹುದು, 32ಕ್ಕೆ 32 ಸರಿಹೋಗುತ್ತದೆ. ಆದರೆ ಉಳಿಕೆ ಸೊನ್ನೆ. ಒಂದು ಕರೆಂಟ್ ಹೋದರೂ ಕಥೆ ಮುಗಿಯಿತು, ಅದು ಗೊತ್ತಿದ್ದೇ ಒಪ್ಪಿಕೊಳ್ಳಬೇಕು.

### ಹಾಳೆ ಮಾಡುವುದು

ಯಾವ ಸ್ಪ್ರೆಡ್‌ಶೀಟ್ ಆದರೂ ನಡೆಯುತ್ತದೆ. A ಕಾಲಂನಲ್ಲಿ ತಾರೀಕು, B ಕಾಲಂನಲ್ಲಿ ಇನ್ನೂ ಉಳಿದಿರುವ ಗಂಟೆ, ತಾರೀಕಿನ ಪ್ರಕಾರ ಸಾರ್ಟ್ ಮಾಡಿರಬೇಕು. ಉಳಿದ ಮೂರು ತಾನಾಗಿ ಬರುತ್ತವೆ:

```
C2: =SUM(B$2:B2)
D2: =NETWORKDAYS(TODAY(),A2)*4
E2: =D2-C2
```

4ರ ಜಾಗದಲ್ಲಿ ನಿಮ್ಮ ದಿನದ ಗಂಟೆ ಹಾಕಿ, ಕೆಳಗಿನ ಸಾಲುಗಳಿಗೆ ಎಳೆದುಬಿಡಿ. `NETWORKDAYS` ಶನಿವಾರ, ಭಾನುವಾರ ಬಿಟ್ಟು ಎಣಿಸುತ್ತದೆ, ಇವತ್ತನ್ನೂ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ನೋಡಿದರೆ ಮಾತ್ರ ಅಂಕಿ ಸರಿ. ರಜೆಯ ತಾರೀಕುಗಳನ್ನು ಬೇರೆ ಜಾಗದಲ್ಲಿ ಬರೆದಿಟ್ಟು ಅದರ ಮೂರನೇ ಮಾಹಿತಿಯಾಗಿ ಕೊಡಬಹುದು. ಭಾನುವಾರ ಮಾತ್ರ ರಜೆ ಇರುವವರು `NETWORKDAYS.INTL(TODAY(),A2,11)` ಬಳಸಿ.

B ಕಾಲಂನಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. 16 ಗಂಟೆಯ ಕೆಲಸದಲ್ಲಿ 8 ಗಂಟೆ ಕೂತೆ, ಹಾಗಾಗಿ ಉಳಿದದ್ದು 8 ಅಂತ ಬರೆಯುತ್ತಾರೆ. ಹಾಗಲ್ಲ. ಉಳಿದ ಪುಟಗಳನ್ನು ಕಣ್ಣಾರೆ ನೋಡಿ, ಇನ್ನು ಎಷ್ಟು ಬೇಕು ಅಂತ ಹೊಸದಾಗಿ ಅಂದಾಜು ಮಾಡಿ ಬರೆಯಿರಿ. ಅದು 11 ಬಂದರೆ 11. ಒಂದು ಸಾಲಿನ ಅಂಕಿ ಎರಡು ದಿನ ಕೂತರೂ ಇಳಿಯುತ್ತಿಲ್ಲ ಅಂದರೆ, ಆ ಕೆಲಸದಲ್ಲಿ ನಿಮಗೆ ಗೊತ್ತಿಲ್ಲದ ಏನೋ ಇದೆ. ಕ್ಲೈಂಟ್ ಕೊಡಬೇಕಾದ ಯಾವುದೋ ಮಾಹಿತಿ ಬಂದಿಲ್ಲ ಅನ್ನುವುದು ನನ್ನ ಅನುಭವದಲ್ಲಿ ಜಾಸ್ತಿ ಸಲ ಸಿಕ್ಕ ಕಾರಣ.

### ಹಾಳೆ ಸುಳ್ಳು ಹೇಳುವುದು ಎಲ್ಲಿ

ಉಳಿಕೆ ಎಲ್ಲ ಸಾಲಿನಲ್ಲೂ ಸೊನ್ನೆಗಿಂತ ಮೇಲಿದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತ ಅರ್ಥ ಅಲ್ಲ. ಮೈನಸ್ ಬಂದರೆ ಆಗುವುದಿಲ್ಲ ಅನ್ನುವುದು ಖಚಿತ, ಪ್ಲಸ್ ಬಂದರೆ ಆಗಬಹುದು ಅಷ್ಟೇ. ಕಾರಣ, ಕರೆಕ್ಷನ್ ಶುರು ಮಾಡಲು ಕ್ಲೈಂಟ್ ಉತ್ತರ ಬರಬೇಕು. ವೆಬ್‌ಸೈಟಿನವರು ಬುಧವಾರದ ಬದಲು ಶುಕ್ರವಾರ ಮಧ್ಯಾಹ್ನ ಉತ್ತರ ಕೊಟ್ಟರೆ, ಹಾಳೆಯಲ್ಲಿ ಗಂಟೆ ಎಷ್ಟೇ ಉಳಿದಿರಲಿ, ಆರು ಗಂಟೆಯ ಕೆಲಸ ಆ ಸಂಜೆಯೊಳಗೆ ಹಿಡಿಸುವುದಿಲ್ಲ.

ಇದಕ್ಕೆ ಲೆಕ್ಕದಲ್ಲಿ ಮದ್ದಿಲ್ಲ, ಮಾತಿನಲ್ಲಿ ಇದೆ. ಕೆಲಸ ಒಪ್ಪಿಕೊಳ್ಳುವಾಗಲೇ ಬರೆದುಕೊಳ್ಳುತ್ತೇನೆ: ಕರಡು ಕಳಿಸಿದ ಎರಡು ದಿನದಲ್ಲಿ ಉತ್ತರ ಬರಬೇಕು, ಒಂದು ದಿನ ತಡವಾದರೆ ಕೊನೆಯ ತಾರೀಕೂ ಒಂದು ದಿನ ಸರಿಯುತ್ತದೆ. ಕರಡು ಕಳಿಸುವ ಮೇಲ್‌ನಲ್ಲೂ ಅದೇ ತಾರೀಕು ಇನ್ನೊಮ್ಮೆ ಹಾಕುತ್ತೇನೆ. ಮೊದಮೊದಲು ಹೀಗೆ ಬರೆಯಲು ಮುಜುಗರ ಆಗುತ್ತಿತ್ತು. ಬರೆಯದೆ ಕಳೆದ ರಾತ್ರಿಗಳನ್ನು ನೆನೆಸಿಕೊಂಡರೆ ಮುಜುಗರ ತಾನಾಗಿ ಹೋಗುತ್ತದೆ.

ಇಬ್ಬರು, ಮೂವರು ಸೇರಿ ಕೆಲಸ ಮಾಡುವವರಾದರೆ ಇನ್ನೊಂದು ಎಚ್ಚರ. ಎಲ್ಲರ ಗಂಟೆ ಒಟ್ಟಿಗೆ ಕೂಡಿಸಿ ಒಂದು ಹಾಳೆ ಮಾಡಬೇಡಿ. ಒಬ್ಬರು ಡಿಸೈನ್, ಇನ್ನೊಬ್ಬರು ಕೋಡ್ ಅಂದಾಗ, ಕೋಡ್ ಬರೆಯುವವರಿಗೆ 12 ಗಂಟೆ ಕಡಿಮೆ ಇರುವುದನ್ನು ಡಿಸೈನ್‌ನವರ ಖಾಲಿ 15 ಗಂಟೆ ಮುಚ್ಚಿಹಾಕುತ್ತದೆ. ಒಟ್ಟು ಪ್ಲಸ್ ಕಾಣುತ್ತದೆ, ಒಬ್ಬರು ಮಾತ್ರ ರಾತ್ರಿ ಕೂತಿರುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಹಾಳೆ ಮಾಡಿ.

## ಹಾಗಾದರೆ ಯಾವುದು?

ಕ್ಲೈಂಟ್ ಎಷ್ಟು ಜನ ಅನ್ನುವುದಕ್ಕಿಂತ ಕೆಲಸ ಹೇಗೆ ಬರುತ್ತದೆ ಅನ್ನುವುದನ್ನು ನೋಡಿ. ಸಣ್ಣ ಸಣ್ಣ ಕೆಲಸ, ಒಂದು ದಿನ ಮೀರದ್ದು, ಕ್ಯಾಲೆಂಡರ್ ಸಾಕು. ಎಲ್ಲರೂ ತಿಂಗಳ ಒಪ್ಪಂದದವರು, ದಿನ ಹಂಚಿ. ತಾರೀಕು ಸಡಿಲ, ಸಾಲು ಇಡಿ. ಗಟ್ಟಿ ತಾರೀಕು, ಹಲವು ದಿನದ ಕೆಲಸ, ನಡುವೆ ಕ್ಲೈಂಟ್ ನೋಡಿ ಹೇಳುವ ಸುತ್ತು, ಈ ಮೂರೂ ಇದ್ದರೆ ಹಾಳೆ ಬಿಟ್ಟು ಬೇರೆ ದಾರಿ ನನಗೆ ಕಂಡಿಲ್ಲ. ವಾರಕ್ಕೆ ಒಂದು ಅರ್ಧ ಗಂಟೆ ಅದಕ್ಕೆ ಹೋಗುತ್ತದೆ, ಪ್ರತಿ ಬೆಳಿಗ್ಗೆ ಐದು ನಿಮಿಷ.

ನಾನು ಬೆರೆಸಿ ಬಳಸುತ್ತೇನೆ. ಮಾತು ಕೊಡುವುದು ಹಾಳೆ ನೋಡಿ, ಇವತ್ತು ಯಾವುದಕ್ಕೆ ಕೈ ಹಾಕಬೇಕು ಅನ್ನುವುದು ಸಾಲಿನ ನಿಯಮ ನೋಡಿ, ಫೋನ್ ಮಾತ್ರ ಗೊತ್ತುಮಾಡಿದ ದಿನ.

ಹೊಸ ಕೆಲಸಕ್ಕೆ ಹೂಂ ಅನ್ನುವ ಮುಂಚೆ ಮಾಡುವುದು ಇಷ್ಟು. ಫೋನಿನಲ್ಲಿ ಕೇಳಿದರೆ "ಸಂಜೆಯೊಳಗೆ ಹೇಳ್ತೀನಿ" ಅನ್ನುತ್ತೇನೆ. ಕರಡಿಗೊಂದು, ಕರೆಕ್ಷನ್‌ಗೊಂದು ಸಾಲು ಹಾಳೆಗೆ ಸೇರಿಸಿ, ಸಾರ್ಟ್ ಮಾಡಿ, E ಕಾಲಂನಲ್ಲಿ ಎಲ್ಲಕ್ಕಿಂತ ಕಡಿಮೆ ಅಂಕಿ ಯಾವುದು ಅಂತ ಹುಡುಕುತ್ತೇನೆ. ಅದು ನಾಲ್ಕಕ್ಕಿಂತ, ಅಂದರೆ ಒಂದು ದಿನಕ್ಕಿಂತ, ಕೆಳಗಿದ್ದರೆ ಹೊಸಬರ ತಾರೀಕನ್ನು ಒಂದೊಂದೇ ದಿನ ಮುಂದೆ ತಳ್ಳುತ್ತಾ ಹೋಗುತ್ತೇನೆ. ನಾಲ್ಕು ಬಂದ ದಿನ ನಿಲ್ಲಿಸಿ, ಅದೇ ತಾರೀಕನ್ನು ಅವರಿಗೆ ಹೇಳುತ್ತೇನೆ. ಎಷ್ಟು ತಳ್ಳಿದರೂ ನಾಲ್ಕು ಬರುವುದಿಲ್ಲ ಅಂದರೆ ತೊಂದರೆ ಹೊಸ ಕೆಲಸದ್ದಲ್ಲ, ಹಳೆಯ ಯಾವುದೋ ಸಾಲು ಆಗಲೇ ಕೆಟ್ಟು ಕೂತಿದೆ, ಮೊದಲು ಅವರಿಗೆ ಫೋನ್ ಮಾಡಬೇಕು.